ಮಾಲು ಸೂರತ್ತಿನಲ್ಲಿ, ಮಾತು ರೋಣದಲ್ಲಿ

ಪಂಚಮಿಗೆ ಇನ್ನು ಎರಡೇ ದಿನ. ರೋಣದ ಮನೆಗಳಲ್ಲಿ ಶೇಂಗಾ ಹುರಿಯುವ ವಾಸನೆ, ಉಂಡಿ ಕಟ್ಟುವ ಗಡಿಬಿಡಿ. ಗಂಡನ ಮನೆಯಿಂದ ಮಗಳನ್ನು ಕರೆತರಲು ಅಣ್ಣನೋ ತಮ್ಮನೋ ಹೊರಟಾಗಿದೆ. ಬಂದವಳಿಗೆ ಉಡಿಸಲು ಹೊಸ ಸೀರೆ ಬೇಕು. ಆ ಸೀರೆಯ ಚಿತ್ರ ಹತ್ತು ದಿನದಿಂದ ತಾಯಿಯ ಫೋನಿನಲ್ಲಿದೆ. ಸೀರೆ ಮಾತ್ರ ಇನ್ನೂ ಮನೆಗೆ ಬಂದಿಲ್ಲ.

"ಅಕ್ಕಾರ, ನಾಳಿಗೆ ರೊಟ್ಟಿ ಹಬ್ಬ ಐತಿ. ಸೀರಿ ಎಲ್ಲಿಗೆ ಬಂತ್ರೀ?"

"ಹುಬ್ಬಳ್ಳಿಗೆ ಬಂದೈತಂತ್ರೀ. ನಾಳೆ ಬರಬೌದು."

"ಬರಬೌದು" ಎಂದವರು ಅದೇ ಓಣಿಯ ಇನ್ನೊಬ್ಬ ಗೃಹಿಣಿ. ಊರಿನಲ್ಲಿ ಅವರನ್ನು ಸೀರೆ ಮಾರುವವರೆಂದೇ ಕರೆಯುತ್ತಾರೆ. ಅವರ ಮನೆಯಲ್ಲಿ ಮಾರಾಟದ ಸೀರೆ ಒಂದೂ ಇಲ್ಲ. ಕಪಾಟು ಇಲ್ಲ, ಗಂಟು ಇಲ್ಲ, ಬಿಲ್ ಪುಸ್ತಕವೂ ಇಲ್ಲ. ಇರುವುದು ಒಂದು ಫೋನ್ ಮತ್ತು ಇನ್ನೂರು ಜನರ ಒಂದು ವಾಟ್ಸ್ಆ್ಯಪ್ ಗುಂಪು. ಸೀರೆ ಸೂರತ್ತಿನ ಯಾವುದೋ ಗೋದಾಮಿನಲ್ಲಿತ್ತು. ಅಲ್ಲಿಂದ ನೇರವಾಗಿ ಗಿರಾಕಿಯ ಮನೆಗೆ ಬರುತ್ತದೆ. ಮಾರಿದವರು ಅದನ್ನು ಮುಟ್ಟುವುದೂ ಇಲ್ಲ, ಕಣ್ಣಾರೆ ನೋಡುವುದೂ ಇಲ್ಲ.

ರೋಣ, ನರಗುಂದ, ಗಜೇಂದ್ರಗಡದಂತಹ ಊರುಗಳಲ್ಲಿ ಇದು ಈಗ ಮಾಮೂಲಿ ದೃಶ್ಯ. ಇದರ ಹೆಸರು ಡ್ರಾಪ್ ಶಿಪ್ಪಿಂಗ್. "ಬಂಡವಾಳವಿಲ್ಲದ ವ್ಯಾಪಾರ" ಎಂದು ಇದನ್ನು ಪರಿಚಯಿಸುವವರಿದ್ದಾರೆ. ಅದರಲ್ಲಿ ಅರ್ಧ ಮಾತ್ರ ನಿಜ. ದಾಸ್ತಾನು ಇಡುವ ಅಪಾಯ ಈ ವ್ಯಾಪಾರದಲ್ಲಿ ಇಲ್ಲವಾಗುವುದಿಲ್ಲ, ಒಬ್ಬರ ತಲೆಯಿಂದ ಇನ್ನೊಬ್ಬರ ತಲೆಗೆ ಹೋಗುತ್ತದೆ. ಹೋಗುವಾಗ ರೂಪವನ್ನೂ ಬದಲಿಸಿಕೊಳ್ಳುತ್ತದೆ.

ಗಂಟು ಹೊತ್ತವನ ಲೆಕ್ಕ

ಹಿಂದೆ ಹಳ್ಳಿಗಳಿಗೆ ಸೀರೆ ಗಂಟು ಹೊತ್ತು ಬರುವ ವ್ಯಾಪಾರಿಗಳಿದ್ದರು. ಕಟ್ಟೆಯ ಮೇಲೆ ಗಂಟು ಬಿಚ್ಚಿದರೆ ಓಣಿಯ ಹೆಂಗಸರೆಲ್ಲ ಸುತ್ತ ಕೂಡುತ್ತಿದ್ದರು. ಸೆರಗು ಎಳೆದು, ಅಂಚು ಬೆರಳಿನಲ್ಲಿ ತಿಕ್ಕಿ, ಬಿಸಿಲಿಗೆ ಹಿಡಿದು ನೋಡಿ, ಚೌಕಾಸಿ ಮಾಡಿ ಕೊಳ್ಳುತ್ತಿದ್ದರು. ಸಂಜೆ ಮಾರಾಟವಾಗದೆ ಉಳಿದದ್ದನ್ನು ವ್ಯಾಪಾರಿ ಮತ್ತೆ ಹೊತ್ತುಕೊಂಡು ಹೋಗಬೇಕಿತ್ತು.

ದಾಸ್ತಾನಿನ ಅಪಾಯವೆಂದರೆ ಆ ಗಂಟಿನ ಭಾರವೇ. ಅದರಲ್ಲಿ ಮೂರು ಪಾಲು. ದುಡ್ಡು ಬಟ್ಟೆಯಾಗಿ ಕೂತಿರುತ್ತದೆ, ಬೇರೆ ಕೆಲಸಕ್ಕೆ ಬರುವುದಿಲ್ಲ. ಬಣ್ಣ, ನಮೂನೆ ಹಳತಾದರೆ ಬೆಲೆ ಇಳಿಯುತ್ತದೆ. ಇಟ್ಟ ಮಾಲು ಮಡಿಕೆಯಲ್ಲಿ ಹರಿಯಬಹುದು, ಇಲಿ ಕಡಿಯಬಹುದು. ಅಂಗಡಿ ಇಟ್ಟವರಿಗೂ ಇದೇ ಮೂರು ಭಾರ, ಬೆನ್ನ ಬದಲು ಕಪಾಟಿನಲ್ಲಿ ಅಷ್ಟೆ.

ಡ್ರಾಪ್ ಶಿಪ್ಪಿಂಗ್ ಈ ಗಂಟನ್ನು ಮಾರುವವರ ಬೆನ್ನಿನಿಂದ ಇಳಿಸುತ್ತದೆ. ಮೊದಲು ಮಾರಾಟ, ಆಮೇಲೆ ಖರೀದಿ. ಗಿರಾಕಿ ಒಪ್ಪಿದ ನಂತರವೇ ಮಾರುವವರು ಸರಬರಾಜುದಾರರಿಗೆ ಆ ಒಂದು ಸೀರೆಗೆ ಆರ್ಡರ್ ಕೊಡುತ್ತಾರೆ. ವಿಳಾಸ ಗಿರಾಕಿಯದು, ಬೆಲೆಯ ವ್ಯತ್ಯಾಸ ಮಾರಿದವರದು.

ಕಲ್ಲಿದ್ದಲಿನಿಂದ ಸೀರೆಗೆ

ಈ ಪದ್ಧತಿ ಫೋನಿನ ಜತೆಗೆ ಹುಟ್ಟಿದ್ದಲ್ಲ. ಅಮೆರಿಕದ ಸಗಟು ವ್ಯಾಪಾರದಲ್ಲಿ ಕಲ್ಲಿದ್ದಲು, ಮರದ ದಿಮ್ಮಿಗಳನ್ನು ಹೀಗೆ ಮಾರುವ ವರ್ತಕರು ಹಿಂದಿನಿಂದಲೂ ಇದ್ದರು. ಗಣಿಯಿಂದ ವರ್ತಕನ ಅಂಗಳಕ್ಕೆ ತಂದು ಸುರಿದು, ಮತ್ತೆ ತುಂಬಿ ಕಾರ್ಖಾನೆಗೆ ಒಯ್ಯುವುದು ದಂಡದ ಕೆಲಸ. ಹಾಗಾಗಿ ಮಾಲು ಗಣಿಯಿಂದ ನೇರ ಕಾರ್ಖಾನೆಗೆ ಹೋಗುತ್ತಿತ್ತು, ವರ್ತಕ ಮೇಜಿನ ಮುಂದೆ ಕೂತು ಕಾಗದ ಬರೆಯುತ್ತಿದ್ದ.

ನಮ್ಮಲ್ಲಿ ಇದನ್ನು ಓಣಿ ಓಣಿಗೆ ತಂದದ್ದು ವಾಟ್ಸ್ಆ್ಯಪ್. ಬೆಂಗಳೂರಿನಲ್ಲಿ 2015ರಲ್ಲಿ ಶುರುವಾದ ಮೀಶೋ ಈ ದಾರಿಯಲ್ಲಿ ದೊಡ್ಡ ಹೆಸರು. ವಿದಿತ್ ಆತ್ರೇಯ್ ಮತ್ತು ಸಂಜೀವ್ ಬರ್ನ್ವಾಲ್ ಅದನ್ನು ಕಟ್ಟಿದವರು. "ಮೇರಿ ಶಾಪ್" ಎಂಬುದೇ ಕುಗ್ಗಿ ಮೀಶೋ ಆಯಿತು. ಆ್ಯಪಿನಲ್ಲಿರುವ ಸೀರೆಯ ಚಿತ್ರವನ್ನು ಗೃಹಿಣಿಯರು ತಮ್ಮ ಗುಂಪಿಗೆ ಹಾಕುತ್ತಿದ್ದರು, ಬೆಲೆಯ ಮೇಲೆ ತಮ್ಮ ಲಾಭ ಸೇರಿಸುತ್ತಿದ್ದರು. ಸರಬರಾಜುದಾರ ಮಾಲನ್ನು ನೇರ ಗಿರಾಕಿಗೆ ಕಳಿಸಿದ ಮೇಲೆ ಲಾಭದ ಪಾಲು ಅವರ ಬ್ಯಾಂಕ್ ಖಾತೆಗೆ ಬರುತ್ತಿತ್ತು. ಗ್ಲೋರೋಡ್ ಎಂಬ ಇನ್ನೊಂದು ಬೆಂಗಳೂರಿನ ಕಂಪನಿಯೂ ಇದೇ ವ್ಯವಹಾರದಲ್ಲಿತ್ತು, 2022ರಲ್ಲಿ ಅದನ್ನು ಅಮೆಜಾನ್ ಕೊಂಡುಕೊಂಡಿತು.

ಕ್ರಮೇಣ ಗಿರಾಕಿಗಳೇ ಆ್ಯಪ್ ತೆರೆದು ನೇರ ಕೊಳ್ಳುವುದನ್ನು ಕಲಿತರು. ನಡುವಿನವರ ಲಾಭಕ್ಕೆ ಅಲ್ಲಿ ಜಾಗ ಕಿರಿದಾಯಿತು. ಆದರೆ ಆ್ಯಪಿನ ಹೊರಗೆ ಇದೇ ವ್ಯಾಪಾರ ಜೋರಾಗಿಯೇ ನಡೆದಿದೆ. ಸೂರತ್ತಿನ ವ್ಯಾಪಾರಿಯ ಗುಂಪಿನಿಂದ ಹುಬ್ಬಳ್ಳಿಯ ಒಬ್ಬರ ಗುಂಪಿಗೆ, ಅಲ್ಲಿಂದ ರೋಣದ ಒಬ್ಬರ ಗುಂಪಿಗೆ ಚಿತ್ರ ಇಳಿದು ಬರುತ್ತದೆ. ಪ್ರತಿ ಮೆಟ್ಟಿಲಲ್ಲಿ ಐವತ್ತೋ ನೂರೋ ಏರುತ್ತದೆ. "ಸಿಂಗಲ್ಸ್ ಸಿಗುತ್ತೆ" ಎಂಬ ಸಾಲು ಇದ್ದರೆ ಇಡೀ ಸೆಟ್ಟು ಕೊಳ್ಳಬೇಕಿಲ್ಲ, ಒಂದೇ ಸೀರೆಯನ್ನೂ ಕಳಿಸುತ್ತಾರೆ ಎಂದರ್ಥ. ಆ ಸಾಲೇ ಈ ವ್ಯಾಪಾರದ ಬುನಾದಿ.

ಇಪ್ಪತ್ತು ಸೀರೆ, ಎರಡು ವ್ಯಾಪಾರ

ಅಪಾಯ ಎಲ್ಲಿಂದ ಎಲ್ಲಿಗೆ ಸರಿಯಿತು ಎಂಬುದನ್ನು ಕಾಣಲು ಒಂದು ಲೆಕ್ಕ ಹಾಕೋಣ. ಅಂಕಿಗಳು ಲೆಕ್ಕದ ಅನುಕೂಲಕ್ಕೆ ಹಿಡಿದುಕೊಂಡವು.

ರೋಣದ ಬಜಾರಿನಲ್ಲಿ ಅಂಗಡಿ ಇಟ್ಟವರು ಪಂಚಮಿಗೆಂದು ಇಪ್ಪತ್ತು ಸೀರೆ ತಂದರು. ಸಗಟು ದರ ₹550, ಒಟ್ಟು ₹11,000. ಹಬ್ಬದೊಳಗೆ ಹದಿನೈದು ಸೀರೆ ₹750ರಂತೆ ಹೋದವು. ₹11,250 ಬಂತು. ಉಳಿದ ಐದನ್ನು ಹಬ್ಬ ಮುಗಿದ ಮೇಲೆ ₹450ಕ್ಕೆ ಬಿಟ್ಟರು. ₹2,250 ಬಂತು. ಅಂಗಡಿ ಬಾಡಿಗೆ ಬಿಟ್ಟು ಉಳಿದ ಲಾಭ ₹2,500. ಹನ್ನೊಂದು ಸಾವಿರ ರೂಪಾಯಿ ವಾರಗಟ್ಟಲೆ ಕಟ್ಟಿಹಾಕಿದ್ದಕ್ಕೆ ಸಿಕ್ಕ ಪ್ರತಿಫಲ ಅದು.

ಅದೇ ಓಣಿಯ ಗೃಹಿಣಿ ಒಂದು ರೂಪಾಯಿಯನ್ನೂ ಮೊದಲು ಹಾಕಲಿಲ್ಲ. ಸರಬರಾಜುದಾರ ಮನೆ ಮುಟ್ಟಿಸುವ ಖರ್ಚು ಸೇರಿ ₹600 ಹೇಳಿದ. ಅವರು ₹750ಕ್ಕೆ ಮಾರಿದರು. ಸೀರೆಗೆ ₹150 ಲಾಭ. ಇಪ್ಪತ್ತು ಆರ್ಡರ್ ಬಂದವು, ಎಲ್ಲವೂ ಕ್ಯಾಶ್ ಆನ್ ಡೆಲಿವರಿ. ಅಂದರೆ ಪಾರ್ಸೆಲ್ ಬಾಗಿಲಿಗೆ ಬಂದಾಗ ಮಾತ್ರ ದುಡ್ಡು.

ಇಪ್ಪತ್ತೂ ತಲುಪಿದ್ದರೆ ₹3,000. ಆದರೆ ನಾಲ್ಕು ಮನೆಯವರು ಪಾರ್ಸೆಲ್ ತೆಗೆದುಕೊಳ್ಳಲಿಲ್ಲ. ಒಬ್ಬರು ಊರಲ್ಲಿರಲಿಲ್ಲ, ಒಬ್ಬರ ಕೈಯಲ್ಲಿ ಆ ಹೊತ್ತಿಗೆ ದುಡ್ಡಿರಲಿಲ್ಲ, ಇಬ್ಬರು "ಹಬ್ಬ ಮುಗೀತು, ಬ್ಯಾಡ" ಎಂದರು. ಮಾಲು ಸೂರತ್ತಿಗೆ ಹಿಂತಿರುಗಿತು. ವ್ಯಾಪಾರಸ್ಥರ ಭಾಷೆಯಲ್ಲಿ ಇದಕ್ಕೆ ಆರ್‌ಟಿಓ ಎನ್ನುತ್ತಾರೆ. ವಾಹನ ನೋಂದಣಿ ಕಚೇರಿಗೂ ಇದಕ್ಕೂ ಸಂಬಂಧವಿಲ್ಲ, ಹೊರಟಲ್ಲಿಗೇ ಮರಳಿದ ಪಾರ್ಸೆಲ್ ಎಂದರ್ಥ. ಹೋಗಿ ಬರುವ ಖರ್ಚು ಪಾರ್ಸೆಲ್ಲಿಗೆ ₹160ರಂತೆ ಸರಬರಾಜುದಾರ ಇವರ ಲೆಕ್ಕಕ್ಕೆ ಹಚ್ಚಿದ.

ಹದಿನಾರು ಸೀರೆಯ ಲಾಭ ₹2,400. ನಾಲ್ಕು ವಾಪಸಿನ ಖರ್ಚು ₹640. ಕೈಗೆ ಉಳಿದದ್ದು ₹1,760. ಮರಳಿದ್ದರಲ್ಲಿ ಒಂದು ಸೀರೆಗೆ ಕಲೆ ಹತ್ತಿದೆ ಎಂದು ಸರಬರಾಜುದಾರ ಅದರ ₹600ನ್ನೂ ಹಿಡಿದುಕೊಂಡರೆ ₹1,160. ಎಂಟು ಪಾರ್ಸೆಲ್ ಮರಳಿದ್ದರೆ ಬರಿ ₹520. ಹತ್ತು ಮರಳಿದರೆ ₹100 ಕೈಯಿಂದಲೇ ಹೋಗುತ್ತದೆ.

ಅಂಗಡಿಯವರಿಗೆ ಕಾಟ ಕೊಟ್ಟದ್ದು ಮಾರಾಟವಾಗದೆ ಉಳಿದ ಐದು ಸೀರೆ. ಗೃಹಿಣಿಗೆ ಕಾಟ ಕೊಟ್ಟದ್ದು ಮಾರಾಟವಾಗಿ ಮರಳಿದ ನಾಲ್ಕು ಸೀರೆ. ಅಂಗಡಿಯವರಿಗೆ ಉಳಿದ ಸೀರೆಯಾದರೂ ಕೈಯಲ್ಲಿತ್ತು, ದೀಪಾವಳಿಗೆ ಮಾರಬಹುದಿತ್ತು. ಗೃಹಿಣಿಯ ಕೈಯಲ್ಲಿ ಏನೂ ಉಳಿಯಲಿಲ್ಲ. ಹಾಗಾಗಿ ಬಂಡವಾಳವಿಲ್ಲದ ವ್ಯಾಪಾರಕ್ಕೆ ಇಳಿಯುವವರು ಮೊದಲು ಕೇಳಬೇಕಾದದ್ದು "ಸೀರೆಗೆ ಲಾಭ ಎಷ್ಟು" ಎಂದಲ್ಲ. ವಾಪಸಾದರೆ ಖರ್ಚು ಯಾರದು ಎಂದು ಕೇಳಬೇಕು. ಕೆಲವು ವೇದಿಕೆಗಳಲ್ಲಿ ಅದು ಸರಬರಾಜುದಾರನ ಪಾಲು, ಖಾಸಗಿ ಗುಂಪುಗಳಲ್ಲಿ ಮಾತು ಆದ ಹಾಗೆ.

ಒಂದೇ ರಾಶಿಯ ಬಲ, ಹಬ್ಬದ ದಿನದ ದೌರ್ಬಲ್ಯ

ಹಾಗಾದರೆ ಗಂಟಿನ ಭಾರವನ್ನು ಸೂರತ್ತಿನ ವ್ಯಾಪಾರಿ ಯಾಕೆ ಹೊರುತ್ತಾನೆ? ಅವನಿಗೆ ಅದು ನಮ್ಮಷ್ಟು ಭಾರವಲ್ಲ, ಅದಕ್ಕೇ.

ಹತ್ತು ಊರಿನಲ್ಲಿ ಹತ್ತು ಅಂಗಡಿಗಳಿವೆ ಎಂದುಕೊಳ್ಳಿ. ಯಾವ ವಾರ ಎಷ್ಟು ಗಿರಾಕಿ ಬಂದಾರೋ ಗೊತ್ತಿಲ್ಲದ ಕಾರಣ ಪ್ರತಿಯೊಬ್ಬರೂ ಒಂದು ನಮೂನೆಯಲ್ಲಿ ಐದು ಸೀರೆ ಹೆಚ್ಚಿಗೆ ಇಡುತ್ತಾರೆ. ಒಟ್ಟು ಐವತ್ತು ಹೆಚ್ಚುವರಿ. ಆದರೆ ಹತ್ತೂ ಊರಿಗೆ ಒಂದೇ ಗೋದಾಮಿನಿಂದ ಕಳಿಸುವುದಾದರೆ ಐವತ್ತು ಬೇಕಿಲ್ಲ. ಈ ವಾರ ನರಗುಂದದಲ್ಲಿ ಹೆಚ್ಚು ಹೋದರೆ ಗಜೇಂದ್ರಗಡದಲ್ಲಿ ಕಡಿಮೆ ಹೋಗಿರುತ್ತದೆ, ಒಂದರ ಏರು ಇನ್ನೊಂದರ ಇಳಿತವನ್ನು ತುಂಬುತ್ತದೆ. ಹತ್ತರ ವರ್ಗಮೂಲದ ಲೆಕ್ಕದಲ್ಲಿ ಹದಿನಾರು ಸೀರೆ ಹೆಚ್ಚಿಗೆ ಇಟ್ಟರೆ ಅಷ್ಟೇ ಭರವಸೆ ಸಿಗುತ್ತದೆ. ದಾಸ್ತಾನು ಒಂದೆಡೆ ರಾಶಿ ಹಾಕಿದಷ್ಟೂ ಅಪಾಯ ಕುಗ್ಗುತ್ತದೆ. ಡ್ರಾಪ್ ಶಿಪ್ಪಿಂಗಿನಲ್ಲಿ ನಿಜವಾದ ಉಳಿತಾಯ ಇರುವುದು ಇಲ್ಲಿ.

ಈ ಲೆಕ್ಕಕ್ಕೆ ಒಂದು ಷರತ್ತಿದೆ. ಊರುಗಳ ಬೇಡಿಕೆ ಒಂದಕ್ಕೊಂದು ಸಂಬಂಧವಿಲ್ಲದೆ ಏರಿಳಿಯಬೇಕು. ಪಂಚಮಿಯಲ್ಲಿ ಹಾಗಾಗುವುದಿಲ್ಲ. ರೋಣ, ನರಗುಂದ, ಗಜೇಂದ್ರಗಡ, ಬಾದಾಮಿ, ಕುಷ್ಟಗಿ ಎಲ್ಲ ಕಡೆ ಒಂದೇ ವಾರ ಸೀರೆ ಬೇಕು. ಎಲ್ಲರದೂ ಏರು, ಯಾರದೂ ಇಳಿತವಿಲ್ಲ. ಆ ವಾರ ಗೋದಾಮಿನ ಹದಿನಾರು ಹೆಚ್ಚುವರಿ ಸೀರೆ ಎರಡೇ ದಿನದಲ್ಲಿ ಖಾಲಿ. ಹದಿನೇಳನೆಯ ಆರ್ಡರ್ ಹಿಡಿದವರಿಗೆ "ಸ್ಟಾಕ್ ಔಟ್" ಎಂಬ ಸಂದೇಶ ಬರುತ್ತದೆ. ಅದೂ ತಕ್ಷಣ ಬರುವುದಿಲ್ಲ, ಎರಡು ದಿನ ಬಿಟ್ಟು ಬರುತ್ತದೆ.

ಬಜಾರಿನ ಅಂಗಡಿಯವರು ಹಬ್ಬಕ್ಕೆ ತಿಂಗಳು ಮೊದಲೇ ಮಾಲು ತಂದು ಹಾಕುವುದು ಈ ಕಾರಣಕ್ಕೆ. ಅದು ಹಳೆ ಕಾಲದ ಅಭ್ಯಾಸವೇನಲ್ಲ, ಎಲ್ಲರಿಗೂ ಒಟ್ಟಿಗೆ ಬೇಕಾಗುವ ವಸ್ತುವನ್ನು ಹತ್ತಿರದಲ್ಲೇ ಇಟ್ಟುಕೊಳ್ಳುವ ಲೆಕ್ಕ.

ಐದು ಗುಂಪಿನಲ್ಲಿ ಒಂದೇ ಸೀರೆ

ಸೂರತ್ತಿನ ಮಾಲಿನಲ್ಲಿ ಒಂದು ನಮೂನೆಯ ನೂರಾರು ಸೀರೆ ಇರುತ್ತವೆ. ಕೈಮಗ್ಗದ ಸೀರೆಯ ಕಥೆ ಬೇರೆ. ಗಜೇಂದ್ರಗಡ ನೇಕಾರರ ಊರು. ಸಣ್ಣ ಚೌಕಳಿಯ ಹತ್ತಿ ಮೈ, ಎದ್ದು ಕಾಣುವ ಅಂಚು ಇರುವ ಪಟ್ಟೆದಂಚು ಸೀರೆ ಈ ಊರಿನದು. ಒಳಮೈ ಹೊರಮೈ ಎಂಬ ಭೇದವಿಲ್ಲದೆ ಎರಡೂ ಕಡೆಯಿಂದ ಉಡಬಹುದಾದ ಸೀರೆ.

ಇಂಥ ಒಂದು ಸೀರೆಯ ಚಿತ್ರ ತೆಗೆದು ಐದು ಜನ ಮಾರಾಟಗಾರರು ಐದು ಗುಂಪಿಗೆ ಹಾಕಿದರು ಎನ್ನಿ. ಬೆಳಿಗ್ಗೆ ಹತ್ತಕ್ಕೆ ಒಂದು ಗುಂಪಿನಲ್ಲಿ ಅದು ಮಾರಾಟವಾಯಿತು. ಸೀರೆ ಒಂದೇ ಇದ್ದದ್ದು, ಹೋಯಿತು. ಚಿತ್ರ ಮಾತ್ರ ಇನ್ನೂ ನಾಲ್ಕು ಗುಂಪುಗಳಲ್ಲಿ ಓಡಾಡುತ್ತಲೇ ಇದೆ. ಮಧ್ಯಾಹ್ನ ಇನ್ನಿಬ್ಬರು ಅದಕ್ಕೆ ದುಡ್ಡು ಹಾಕಿ ಬಿಡುತ್ತಾರೆ.

"ಅದೇ ಬಣ್ಣದ್ದು ಇನ್ನೊಂದು ನೇಯ್ದು ಕೊಡ್ರಿ" ಎಂದರೆ ಕೂಡಲೇ ಆಗುವ ಕೆಲಸವಲ್ಲ. ಮಗ್ಗಕ್ಕೆ ಹೂಡಿದ ಹಾಸಿನ ಬಣ್ಣ ಯಾವುದೋ ಆ ಬಣ್ಣದ ಸೀರೆಯೇ ಬರಬೇಕು. ಹೊಕ್ಕಿನ ನೂಲು ಬದಲಿಸಬಹುದು, ಹಾಸು ಮುಗಿಯುವ ತನಕ ಹಾಸಿನ ಬಣ್ಣ ಬದಲಿಸಲಾಗದು. ಬೇರೆ ಬಣ್ಣ ಬೇಕಾದರೆ ನೂಲಿಗೆ ಬಣ್ಣ ಹಾಕಿಸಿ, ಹೊಸ ಹಾಸು ಮಾಡಿ, ಎಳೆಗೆ ಎಳೆ ಕೂಡಿಸಿ ಆಮೇಲೆ ನೇಯಬೇಕು. ಇಲ್ಲಿ ವಿಳಂಬ ಕೊರಿಯರ್‌ನದಲ್ಲ, ಮಗ್ಗದ ಸ್ವಭಾವವೇ ಅದು.

ಇಲ್ಲದ ಮಾಲನ್ನು ಇದೆಯೆಂದು ಮಾರುವ ಈ ಕಲ್ಲಿಗೆ ಹೊರಗಿನ ದೊಡ್ಡ ಕಂಪನಿಗಳೂ ಎಡವಿವೆ. ಅಮೆರಿಕದಲ್ಲಿ 1999ರಲ್ಲಿ ಹುಟ್ಟಿದ ಜ಼ಾಪೋಸ್ ಎಂಬ ಪಾದರಕ್ಷೆ ಕಂಪನಿ ಮೊದಲು ಡ್ರಾಪ್ ಶಿಪ್ಪಿಂಗ್ ಮಾಡುತ್ತಿತ್ತು. ತಯಾರಕರ ಬಳಿ ನಿಜವಾಗಿ ಎಷ್ಟು ಜೋಡಿ ಇವೆ ಎಂಬ ಮಾಹಿತಿ ಎಂದೂ ಪೂರ್ತಿ ಸರಿ ಇರುತ್ತಿರಲಿಲ್ಲ. ಇದೆ ಎಂದು ಮಾರಿದ್ದು ಇರುತ್ತಿರಲಿಲ್ಲ, ಗಿರಾಕಿ ಸಿಟ್ಟಾಗುತ್ತಿದ್ದ. ಕಡೆಗೆ 2003ರಲ್ಲಿ, ಮಾರಾಟದ ಕಾಲು ಭಾಗದಷ್ಟು ಬರುತ್ತಿದ್ದ ಆ ದಾರಿಯನ್ನೇ ಕಂಪನಿ ಮುಚ್ಚಿತು. ತನ್ನ ಗೋದಾಮಿನಲ್ಲಿರುವುದನ್ನು ಮಾತ್ರ ಮಾರತೊಡಗಿತು.

ಕೈಮಗ್ಗದವರಿಗೆ ಅಷ್ಟು ದೊಡ್ಡ ಗೋದಾಮು ಬೇಕಿಲ್ಲ. ಎರಡು ಶಿಸ್ತು ಸಾಕು. ಮೊದಲನೆಯದು, ಒಂದೇ ಇರುವ ಸೀರೆಯನ್ನು ಒಬ್ಬ ಮಾರಾಟಗಾರರಿಗೆ ಇಂತಿಷ್ಟು ಗಂಟೆ ಮೀಸಲಿಟ್ಟು, ಅವರಿಂದ ಹೋಗದಿದ್ದರೆ ಮಾತ್ರ ಇನ್ನೊಬ್ಬರಿಗೆ ಚಿತ್ರ ಕಳಿಸುವುದು. ಎರಡನೆಯದು, "ನೇಯ್ದು ಕೊಡುತ್ತೇವೆ" ಎಂಬ ಆರ್ಡರ್‌ಗಳನ್ನು "ಸಿದ್ಧ ಇದೆ" ಎಂಬುದರಿಂದ ಬೇರೆ ಮಾಡಿ, ಮಗ್ಗದ ಮೇಲೆ ಈಗ ಯಾವ ಹಾಸಿದೆ ಎಂದು ನೋಡಿ ದಿನ ಹೇಳುವುದು.

ಮುಟ್ಟದೆ ಮಾರುವುದರ ಇನ್ನೊಂದು ತೊಡಕು ಗುರುತಿನದು. ಗುಂಪಿನಲ್ಲಿ "ಇಳಕಲ್ ಸೀರೆ" ಎಂದು ಬರುವ ಚಿತ್ರ ಛಾಪಿಸಿದ ನಕಲಿನದಾಗಿರಬಹುದು. ಇಳಕಲ್ಲಿನ ಟೋಪು ತೆನಿ ಸೆರಗನ್ನು ನೇಯುತ್ತಾರೆ. ಛಾಪಿಸಿದ್ದಾದರೆ ಸೆರಗನ್ನು ಮಗುಚಿದಾಗ ಹಿಂಬದಿ ಮಂಕಾಗಿ ಕಾಣುತ್ತದೆ. ಅಂಗಡಿಯಲ್ಲಿ ಇದು ಒಂದು ಕ್ಷಣದ ಪರೀಕ್ಷೆ. ಫೋನಿನಲ್ಲಿ ಸೆರಗಿನ ಹಿಂಬದಿಯ ಚಿತ್ರ ಕೇಳಬೇಕು. ಮಾರುವವರ ಹತ್ತಿರ ಸೀರೆ ಇಲ್ಲದ ಕಾರಣ ಅವರು ಮತ್ತೊಬ್ಬರನ್ನು ಕೇಳಬೇಕು. ಕೇಳಿ ತರಿಸಿದರೆ ನಂಬಬಹುದು.

ತಾರೀಖಿನ ಹಿಂದಿನ ನಾಲ್ಕು ಕೈ

"ಐದಾರು ದಿನಕ್ಕೆ ಬರತೈತಿ" ಎಂಬ ಮಾತಿನೊಳಗೆ ನಾಲ್ಕು ಜನರ ಕೆಲಸ ಅಡಗಿದೆ. ಸರಬರಾಜುದಾರ ಮಾಲು ಹುಡುಕಿ ಕಟ್ಟಬೇಕು. ಕೊರಿಯರ್‌ನವರು ಬಂದು ಎತ್ತಬೇಕು. ಲಾರಿಯಲ್ಲಿ ಅದು ಸೂರತ್ತಿನಿಂದ ಹುಬ್ಬಳ್ಳಿಗೆ ಬರಬೇಕು. ಹುಬ್ಬಳ್ಳಿಯಲ್ಲಿ ಪಿನ್‌ಕೋಡ್ ನೋಡಿ ವಿಂಗಡಿಸಿ, ನರಗುಂದದ 582207ಕ್ಕೋ ರೋಣದ 582209ಕ್ಕೋ ಗಜೇಂದ್ರಗಡದ 582114ಕ್ಕೋ ಕಳಿಸಿ, ಅಲ್ಲಿನ ಹುಡುಗ ಬೈಕಿನಲ್ಲಿ ಮನೆ ಮುಟ್ಟಿಸಬೇಕು.

ಮಾಲು ಇಟ್ಟುಕೊಂಡ ಅಂಗಡಿಯವರಿಗೆ ಮೊದಲ ಹಂತವಾದರೂ ತಮ್ಮ ಕೈಯಲ್ಲಿರುತ್ತದೆ. ರಾತ್ರಿ ಕೂತಾದರೂ ಪಾರ್ಸೆಲ್ ಕಟ್ಟಬಹುದು, ತೀರಾ ತುರ್ತಾದರೆ ನರಗುಂದದ ಬಸ್ಸಿಗೆ ಕೊಟ್ಟು ಕಳಿಸಬಹುದು. ಡ್ರಾಪ್ ಶಿಪ್ಪಿಂಗ್ ಮಾಡುವವರಿಗೆ ನಾಲ್ಕರಲ್ಲಿ ಒಂದೂ ಕೈಯಲ್ಲಿಲ್ಲ. ಆದರೂ ಗಿರಾಕಿಗೆ ತಾರೀಖು ಕೊಟ್ಟವರು ಅವರೇ. ಗಿರಾಕಿ ಕೇಳುವುದೂ ಅವರನ್ನೇ.

ಹಬ್ಬ ಸೋಮವಾರ ಎಂದಿಟ್ಟುಕೊಂಡು ಹಿಂದಕ್ಕೆ ಎಣಿಸೋಣ. ಜಂಪರ್ ಹೊಲಿಸಿ, ಫಾಲ್ ಹಚ್ಚಿಸಲು ದರ್ಜಿ ನಾಲ್ಕು ದಿನ ಕೇಳುತ್ತಾರೆ. ಹಬ್ಬದ ಮುನ್ನಾದಿನ ಎಲ್ಲ ಕೈಗೆ ಸಿಗಬೇಕಾದರೆ ಸೀರೆ ಬುಧವಾರವೇ ಮನೆಯಲ್ಲಿರಬೇಕು. ಹುಬ್ಬಳ್ಳಿಯಿಂದ ಊರಿಗೆ ಎರಡು ದಿನ, ದಾರಿಗೆ ನಾಲ್ಕು ದಿನ, ಕಟ್ಟಿ ಕೊಡಲು ಮೂರು ದಿನ, ನಡುವೆ ಒಂದು ಭಾನುವಾರ. ಹತ್ತು ದಿನವಾಯಿತು. ಅಂದರೆ ಹಬ್ಬಕ್ಕೆ ಹದಿನೈದು ದಿನ ಮೊದಲು, ಭಾನುವಾರದ ಹೊತ್ತಿಗೆ ಆರ್ಡರ್ ಹೋಗಿರಬೇಕು. "ಐದಾರು ದಿನ" ಎಂದು ನಂಬಿ ಒಂದು ವಾರ ತಡವಾಗಿ ಹಾಕಿದವರೇ ರೊಟ್ಟಿ ಹಬ್ಬದ ಮುನ್ನಾದಿನ ಫೋನ್ ಹಿಡಿದು ಕೂರುವವರು.

ಇಲ್ಲಿ ಹಲವರು ಮೋಸಹೋಗುವ ಒಂದು ಸಣ್ಣ ಸಂಗತಿಯಿದೆ. ಟ್ರ್ಯಾಕಿಂಗ್ ನಂಬರ್ ಬಂದರೆ ಮಾಲು ಹೊರಟಿತು ಎಂದಲ್ಲ. ವಿಳಾಸದ ಚೀಟಿ ಮುದ್ರಿಸಿದ ಕೂಡಲೇ ನಂಬರ್ ಹುಟ್ಟುತ್ತದೆ, ಸೀರೆ ಆಗಿನ್ನೂ ಗೋದಾಮಿನಲ್ಲಿ ಇರಬಹುದು, ಇಲ್ಲದೆಯೂ ಇರಬಹುದು. ಆ ನಂಬರ್ ಹಾಕಿ ನೋಡಿದಾಗ ಕೊರಿಯರ್‌ನವರು ಪಾರ್ಸೆಲ್ ಎತ್ತಿಕೊಂಡ ಊರು ಮತ್ತು ವೇಳೆ ಕಂಡರೆ ಮಾತ್ರ ಅದು ದಾರಿಯಲ್ಲಿದೆ. ನಂಬರ್ ಬಂದು ಎರಡು ದಿನವಾದರೂ ಎತ್ತಿದ ಗುರುತೇ ಇಲ್ಲದಿದ್ದರೆ ಸರಬರಾಜುದಾರನ ಹತ್ತಿರ ಮಾಲಿಲ್ಲ ಎಂದೇ ಅನುಮಾನಿಸಬೇಕು. ಬೇರೆ ಸೀರೆ ನೋಡಿಕೊಳ್ಳಲು ಆಗ ಇನ್ನೂ ಸಮಯವಿರುತ್ತದೆ.

ಕಾನೂನಿನ ಕಣ್ಣಲ್ಲಿ ಮಾರಿದವರು ಯಾರು?

ತನ್ನ ಬಳಿ ಇಲ್ಲದ್ದನ್ನು ಮಾರುವುದು ತಪ್ಪೇ? ಅಲ್ಲ. 1930ರ ಸರಕು ಮಾರಾಟ ಕಾಯ್ದೆಯೇ ಇದಕ್ಕೆ ಅವಕಾಶ ಕೊಟ್ಟಿದೆ. ಮಾರುವವರ ಬಳಿ ಈಗ ಇಲ್ಲದ, ಮುಂದೆ ಪಡೆಯಬೇಕಾದ ಸರಕಿನ ಬಗ್ಗೆಯೂ ಒಪ್ಪಂದ ಮಾಡಿಕೊಳ್ಳಬಹುದು ಎನ್ನುತ್ತದೆ ಅದು. ಜಿಎಸ್‌ಟಿಯಲ್ಲೂ ಈ ಪದ್ಧತಿಗೆ ಜಾಗವಿದೆ. ಬಿಲ್ ಒಬ್ಬರ ಹೆಸರಿಗೆ, ಮಾಲು ಇನ್ನೊಬ್ಬರ ವಿಳಾಸಕ್ಕೆ ಹೋದರೆ ಅದನ್ನು ಎರಡು ಮಾರಾಟ ಎಂದೇ ಎಣಿಸುತ್ತಾರೆ. ಸೂರತ್ತಿನವರು ರೋಣದವರಿಗೆ ಮಾರಿದ್ದು ಒಂದು, ರೋಣದವರು ಗಿರಾಕಿಗೆ ಮಾರಿದ್ದು ಇನ್ನೊಂದು.

ಗಿರಾಕಿಯ ದೃಷ್ಟಿಯಿಂದ ಮುಖ್ಯವಾದದ್ದು ಈ ಎರಡನೆಯ ಮಾರಾಟ. ಬೆಲೆ ತಾನೇ ನಿಗದಿ ಮಾಡಿ, ದುಡ್ಡು ತನ್ನ ಖಾತೆಗೆ ಹಾಕಿಸಿಕೊಂಡವರು "ನಾ ಬರೇ ಫೋಟೊ ಹಾಕಿದ್ದೆ" ಎಂದು ಕೈ ತೊಳೆದುಕೊಳ್ಳುವುದು ಕಷ್ಟ. ಗಿರಾಕಿಯ ಪಾಲಿಗೆ ಅವರೇ ಮಾರಾಟಗಾರರು.

2020ರ ಜುಲೈನಲ್ಲಿ ಕೇಂದ್ರ ಸರ್ಕಾರ ಗ್ರಾಹಕ ರಕ್ಷಣೆಯ ಇ–ಕಾಮರ್ಸ್ ನಿಯಮಗಳನ್ನು ಹೊರಡಿಸಿತು. ಮಾಲು ಕೆಟ್ಟಿದ್ದರೆ, ಹೇಳಿದ ಗುಣದ್ದಲ್ಲದಿದ್ದರೆ ಅಥವಾ ಹೇಳಿದ ವೇಳೆಗೆ ಬಾರದಿದ್ದರೆ ಅದನ್ನು ವಾಪಸ್ ಪಡೆಯಲು, ದುಡ್ಡು ಮರಳಿಸಲು ಮಾರಾಟಗಾರರು ನಿರಾಕರಿಸುವಂತಿಲ್ಲ ಎಂದು ಅದರಲ್ಲಿದೆ. ತಡವಾದದ್ದು ಪ್ರವಾಹದಂತಹ ಕೈಮೀರಿದ ಕಾರಣಕ್ಕಾದರೆ ಮಾತ್ರ ವಿನಾಯಿತಿ. ಮನೆಯ ಹಳೆ ಮಂಚವನ್ನು ಒಮ್ಮೆ ಮಾರುವವರಿಗೆ ಈ ನಿಯಮ ಅನ್ವಯಿಸುವುದಿಲ್ಲ. ನಿಯಮಿತವಾಗಿ ವ್ಯಾಪಾರವೆಂದೇ ಮಾಡುವವರು ಮನೆಯಲ್ಲಿ ಕೂತು ಮಾಡಿದರೂ ಆ ವಿನಾಯಿತಿ ಕೇಳಲಾಗದು.

ಗುಂಪುಗಳಲ್ಲಿ "ಓಪನಿಂಗ್ ವಿಡಿಯೊ ಇಲ್ಲದಿದ್ದರೆ ಕಂಪ್ಲೇಂಟ್ ಇಲ್ಲ", "ನೋ ರಿಟರ್ನ್" ಎಂಬ ಸಾಲುಗಳನ್ನು ನೋಡಿರುತ್ತೀರಿ. ಪಾರ್ಸೆಲ್ ಬಿಚ್ಚುವಾಗ ವಿಡಿಯೊ ಮಾಡಿಟ್ಟುಕೊಳ್ಳುವುದು ಒಳ್ಳೆಯದೇ, ಹರಿದ ಸೀರೆ ಬಂದರೆ ಅದೇ ಸಾಕ್ಷಿ. ಆದರೆ ಗುಂಪಿನ ಸಾಲು ಸರ್ಕಾರದ ನಿಯಮಕ್ಕಿಂತ ದೊಡ್ಡದಲ್ಲ. ಸೂರತ್ತಿನವರು ವಾಪಸ್ ಒಪ್ಪದಿದ್ದರೂ ರೋಣದವರು ತಮ್ಮ ಗಿರಾಕಿಗೆ ಉತ್ತರ ಹೇಳಲೇಬೇಕು. ಈ ವ್ಯಾಪಾರದಲ್ಲಿ ಕಣ್ಣಿಗೆ ಕಾಣದ ದಾಸ್ತಾನು ಇದೇ. ಕೊಟ್ಟ ಮಾತುಗಳು ಒಂದೊಂದಾಗಿ ಕೂಡಿಬಿದ್ದಿರುತ್ತವೆ, ಅವು ಕೆಟ್ಟಾಗ ಹೊರಬೇಕಾದವರು ಮಾತು ಕೊಟ್ಟವರು.

ಬುಕ್ ಮಾಡುವ ಮುನ್ನ

ಮಾರುವವರಿಗೆ ಒಂದು ಮಾತು. ಗಿರಾಕಿಯ ಆರ್ಡರ್ ಹಿಡಿಯುವ ಮುನ್ನ ಅವತ್ತಿನ ದಾಸ್ತಾನು ಕೇಳಿ, ನಿನ್ನೆಯ ಚಿತ್ರ ನಂಬಬೇಡಿ. ಸರಬರಾಜುದಾರರು ಹೇಳಿದ ದಿನಕ್ಕೆ ಮೂರು ದಿನ ಕೂಡಿಸಿ ಗಿರಾಕಿಗೆ ಹೇಳಿ. ಹೊಸ ಗಿರಾಕಿಯಿಂದ ನೂರು ರೂಪಾಯಿಯಾದರೂ ಮುಂಗಡ ಹಾಕಿಸಿಕೊಂಡರೆ ಬಾಗಿಲಿಂದ ಮರಳುವ ಪಾರ್ಸೆಲ್ ಕಡಿಮೆಯಾಗುತ್ತದೆ. ಯಾವ ಸರಬರಾಜುದಾರರ ಮಾಲನ್ನಾದರೂ ಮೊದಲು ಒಂದು ಸೀರೆ ನಿಮ್ಮ ಮನೆಗೇ ತರಿಸಿ, ಒಗೆದು ನೋಡಿ, ಆಮೇಲೆ ಓಣಿಗೆ ಮಾರಿ.

ಕೊಳ್ಳುವವರು ಮೂರು ಪ್ರಶ್ನೆ ಕೇಳಿದರೆ ಸಾಕು. ಸೀರೆ ಈಗ ಎಲ್ಲಿದೆ? ಯಾವ ತಾರೀಖಿನೊಳಗೆ ಕೈಗೆ ಬರುತ್ತದೆ? ಬಾರದಿದ್ದರೆ ದುಡ್ಡು ಕೊಡುವವರು ಯಾರು? ಉತ್ತರವನ್ನು ಫೋನಿನಲ್ಲಿ ಕೇಳಬೇಡಿ, ಸಂದೇಶದಲ್ಲಿ ಬರೆಸಿಕೊಳ್ಳಿ. ನಾಳೆ ಜಗಳವಾದರೆ ಆ ಒಂದು ಸಾಲೇ ರಸೀದಿ.

ಮಾತಿನಲ್ಲಿ ಬಗೆಹರಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಅಲ್ಲೂ ಆಗದಿದ್ದರೆ ಗದಗಿನಲ್ಲಿ ಜಿಲ್ಲಾ ಗ್ರಾಹಕರ ಆಯೋಗವಿದೆ. ಮಾರಿದವರು ಸೂರತ್ತಿನಲ್ಲಿದ್ದರೂ ದೂರನ್ನು ನೀವು ವಾಸಿಸುವ ಜಿಲ್ಲೆಯಲ್ಲೇ ಕೊಡಬಹುದು ಎಂದು 2019ರ ಗ್ರಾಹಕ ರಕ್ಷಣಾ ಕಾಯ್ದೆ ಹೇಳುತ್ತದೆ. ಐದು ಲಕ್ಷ ರೂಪಾಯಿಯೊಳಗಿನ ಖರೀದಿಯ ದೂರಿಗೆ ಶುಲ್ಕವಿಲ್ಲ. ಏಳುನೂರ ಐವತ್ತು ರೂಪಾಯಿಯ ಸೀರೆಗೂ ಅದು ಅನ್ವಯಿಸುತ್ತದೆ.